ಮುಟ್ಟು ನಿಂತಿತು, ಮೈಯೆಲ್ಲ ಕಾವು

ಅಕ್ಕಾ,

ನನಗೆ 39 ವರ್ಷ. ಹಾಸನ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರ್. ಒಬ್ಬ ಮಗ, ಆರನೇ ತರಗತಿ. ಕಳೆದ ವರ್ಷ ಎಡ ಸ್ತನದಲ್ಲಿ ಗಂಟು ಕಂಡಿತು. ಆಪರೇಷನ್ ಆಯಿತು, ಎಂಟು ಕೀಮೋ ಆಯಿತು, ರೇಡಿಯೇಷನ್ ಕೂಡ ಮುಗಿಯಿತು. ಐದು ತಿಂಗಳಿಂದ ಟ್ಯಾಮಾಕ್ಸಿಫೆನ್ 20 ಮಿಲಿಗ್ರಾಂ ಮಾತ್ರೆ. ಎರಡನೇ ಕೀಮೋ ಆದಮೇಲೆ ಮುಟ್ಟು ನಿಂತಿದ್ದು ಇನ್ನೂ ಬಂದಿಲ್ಲ. ಪಾಠ ಮಾಡುತ್ತಿರುವಾಗಲೇ ಎದೆಯಿಂದ ಬೆಂಕಿ ಎದ್ದಂತೆ ಕಾವು ಮುಖಕ್ಕೆ ಏರುತ್ತದೆ, ಸೀರೆಯ ಬೆನ್ನು ಒದ್ದೆ. ರಾತ್ರಿ ಮೂರು ನಾಲ್ಕು ಸಲ ಎದ್ದು ರವಿಕೆ ಬದಲಾಯಿಸುತ್ತೇನೆ. ನಿದ್ದೆಯಿಲ್ಲ, ಮಗನ ಮೇಲೆ ರೇಗುತ್ತೇನೆ. ಊರಿನ ಡಾಕ್ಟರು ಮನಸ್ಸಿಗೆ ಎಂದು ಒಂದು ಮಾತ್ರೆ ಕೊಟ್ಟರು, ಪ್ಯಾರಾಕ್ಸಿಟಿನ್ ಎಂದು ಬರೆದಿದೆ. ಮೂರು ವಾರವಾಯಿತು, ಕಾವು ಸ್ವಲ್ಪ ಕಡಿಮೆ. ಪಕ್ಕದ ಮನೆಯ ಅತ್ತಿಗೆ ಶತಾವರಿ ಲೇಹ್ಯ ತಂದುಕೊಟ್ಟಿದ್ದಾರೆ, ಅದನ್ನೂ ತಿನ್ನುತ್ತಿದ್ದೇನೆ. ನಮ್ಮ ಅತ್ತೆ "ಮುಟ್ಟು ನಿಂತಿದ್ದು ಒಳ್ಳೇದೇ ಆಯ್ತು ಬಿಡು" ಅನ್ನುತ್ತಾರೆ. ಯಜಮಾನರ ಹತ್ತಿರ ಹೋಗಲು ಹೆದರಿಕೆ, ಅಷ್ಟು ನೋವು. ಅವರು ಹಾಲ್‌ನಲ್ಲಿ ಮಲಗುತ್ತಾರೆ. ಯಾರಿಗೂ ಹೇಳದ ಒಂದು ವಿಷಯ: ಒಂದು ತಿಂಗಳಿಂದ ಟ್ಯಾಮಾಕ್ಸಿಫೆನ್ ದಿನ ಬಿಟ್ಟು ದಿನ ನುಂಗುತ್ತಿದ್ದೇನೆ. ಬಿಟ್ಟುಬಿಡಲೇ? ಹಾರ್ಮೋನು ಮಾತ್ರೆ ತೆಗೆದುಕೊಂಡರೆ ಸರಿಹೋಗುವುದೇ? ನನ್ನ ಮುಟ್ಟು ಮತ್ತೆ ಬರುವುದೇ?

— ಹೆಸರು ಬೇಡ

ತಂಗಿ,

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಕಾವಿನ ಮೇಲಲ್ಲ, ಪ್ಯಾರಾಕ್ಸಿಟಿನ್ ಎಂಬ ಹೆಸರಿನ ಮೇಲೆ. ಆ ಮಾತ್ರೆಯಿಂದ ಮೈಯ ಕಾವು ಇಳಿಯುವುದು ನಿಜ, ನಿಮ್ಮ ಡಾಕ್ಟರು ಸುಮ್ಮನೆ ಕೊಟ್ಟದ್ದೂ ಅಲ್ಲ. ಆದರೆ ಅದು ಟ್ಯಾಮಾಕ್ಸಿಫೆನ್ ಜೊತೆ ಹೊಂದುವುದಿಲ್ಲ. ನೀವು ನುಂಗುವ ಟ್ಯಾಮಾಕ್ಸಿಫೆನ್ ಹಾಗೆಯೇ ಹೆಚ್ಚು ಕೆಲಸ ಮಾಡುವ ಔಷಧವಲ್ಲ. ಪಿತ್ತಜನಕಾಂಗದ ಒಂದು ಕಿಣ್ವ ಅದನ್ನು ಎಂಡಾಕ್ಸಿಫೆನ್ ಎಂಬ ರೂಪಕ್ಕೆ ಬದಲಾಯಿಸುತ್ತದೆ. ಕ್ಯಾನ್ಸರ್ ಕೋಶಕ್ಕೆ ಈಸ್ಟ್ರೊಜೆನ್ ಸಿಗದಂತೆ ಬಾಗಿಲು ಮುಚ್ಚುವುದು ಮುಖ್ಯವಾಗಿ ಆ ರೂಪವೇ. ಪ್ಯಾರಾಕ್ಸಿಟಿನ್ ಆ ಕಿಣ್ವದ ಕೈಯನ್ನೇ ಕಟ್ಟಿಹಾಕುತ್ತದೆ. ಫ್ಲುವಾಕ್ಸಿಟಿನ್ ಮತ್ತು ಬ್ಯುಪ್ರೊಪಿಯಾನ್ ಕೂಡ ಹಾಗೆಯೇ. ಕೆನಡಾದ ಒಂಟಾರಿಯೊದಲ್ಲಿ ಟ್ಯಾಮಾಕ್ಸಿಫೆನ್ ಜೊತೆಗೆ ಪ್ಯಾರಾಕ್ಸಿಟಿನ್ ತೆಗೆದುಕೊಂಡಿದ್ದ ಮಹಿಳೆಯರ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಎರಡನ್ನೂ ಒಟ್ಟಿಗೆ ತೆಗೆದುಕೊಂಡ ಅವಧಿ ಹೆಚ್ಚಿದಷ್ಟೂ ಸ್ತನ ಕ್ಯಾನ್ಸರ್‌ನಿಂದ ಸಾಯುವ ಅಪಾಯ ಹೆಚ್ಚಿತ್ತು. ಬೇರೆ ಅಧ್ಯಯನಗಳಲ್ಲಿ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಆದರೂ ಅದರ ಬದಲಿಗೆ ಕೊಡಬಹುದಾದ ಒಳ್ಳೆಯ ಮಾತ್ರೆ ಇರುವಾಗ ಈ ಅಪಾಯವನ್ನು ಯಾಕೆ ಹೊರಬೇಕು?

ಹಾಗೆಂದು ನಾಳೆಯೇ ಅದನ್ನು ನಿಲ್ಲಿಸಬೇಡಿ. ಪ್ಯಾರಾಕ್ಸಿಟಿನ್ ಒಮ್ಮೆಲೇ ಬಿಟ್ಟರೆ ತಲೆಸುತ್ತು, ವಾಕರಿಕೆ, ತಲೆಯೊಳಗೆ ಕರೆಂಟು ಹೊಡೆದಂಥ ಅನುಭವ ಬರಬಹುದು. ಈ ವಾರದೊಳಗೆ ನಿಮ್ಮ ಕ್ಯಾನ್ಸರ್ ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದ ಹಾಗೆ ಇಳಿಸಿ ಬದಲಾಯಿಸಿಕೊಳ್ಳಿ. ಮೂರು ವಾರದಲ್ಲಿ ಆಗಬಾರದ್ದೇನೂ ಆಗಿಹೋಗಿಲ್ಲ. ಟ್ಯಾಮಾಕ್ಸಿಫೆನ್ ಬಗ್ಗೆಯೂ ಅದೇ ಮಾತು. ಅದು ದೇಹದಲ್ಲಿ ನಿಧಾನವಾಗಿ ಕರಗುವ ಔಷಧ. ನುಂಗಿದ್ದರಲ್ಲಿ ಅರ್ಧದಷ್ಟು ಖಾಲಿಯಾಗಲು ಐದರಿಂದ ಏಳು ದಿನ ಬೇಕು. ಹಾಗಾಗಿ ದಿನ ಬಿಟ್ಟು ದಿನ ತೆಗೆದುಕೊಂಡ ಈ ತಿಂಗಳಲ್ಲಿ ಅದರ ಮಟ್ಟ ಇಳಿದಿರುತ್ತದೆ, ಪೂರ್ತಿ ಬತ್ತಿರುವುದಿಲ್ಲ. ಇಂದಿನಿಂದ ಮತ್ತೆ ದಿನಕ್ಕೊಂದು ತೆಗೆದುಕೊಳ್ಳಿ. ಬಿಟ್ಟುಹೋದ ಮಾತ್ರೆಗಳನ್ನು ಸೇರಿಸಿ ಎರಡೆರಡು ನುಂಗಬೇಡಿ. ನೀವು ಬಿಟ್ಟದ್ದು ಸೋಮಾರಿತನದಿಂದಲ್ಲ, ರಾತ್ರಿ ನಾಲ್ಕು ಸಲ ಏಳುವ ಸುಸ್ತಿನಿಂದ. ಆ ಸುಸ್ತಿಗೆ ಮದ್ದು ಸಿಕ್ಕರೆ ಮಾತ್ರೆ ತಾನಾಗಿ ಗಂಟಲಿಗಿಳಿಯುತ್ತದೆ.

ಇಷ್ಟೊಂದು ಕಾವು ಯಾಕೆ ಎಂಬುದನ್ನು ತಿಳಿದುಕೊಂಡರೆ ಮುಂದಿನದು ಸುಲಭ. ನಮ್ಮ ಕಡೆ ಹೆಂಗಸರಿಗೆ ಸಾಮಾನ್ಯವಾಗಿ 46-47ರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಅದಕ್ಕೂ ಕೆಲವು ವರ್ಷ ಮೊದಲಿನಿಂದಲೇ ಈಸ್ಟ್ರೊಜೆನ್ ಏರುತ್ತ ಇಳಿಯುತ್ತ ಕಡಿಮೆಯಾಗುವುದರಿಂದ ಮೈ ಹೊಂದಿಕೊಳ್ಳಲು ಸಮಯ ಸಿಗುತ್ತದೆ. ನಿಮಗೆ ಅದು ಕೆಲವೇ ವಾರಗಳಲ್ಲಿ ಆಯಿತು. ಕೀಮೋದಲ್ಲಿ ಕೆಂಪು ಔಷಧಿಯ ಜೊತೆಗೆ ಕೊಡುವ ಸೈಕ್ಲೊಫಾಸ್ಫಮೈಡ್ ಅಂಡಾಶಯದ ಮೊಟ್ಟೆಗಳನ್ನು ಹೊತ್ತ ಕೋಶಗಳನ್ನು ಸುಡುತ್ತದೆ. ಅದರ ಮೇಲೆ ಟ್ಯಾಮಾಕ್ಸಿಫೆನ್ ಬಂದು, ಉಳಿದ ಅಷ್ಟಿಷ್ಟು ಈಸ್ಟ್ರೊಜೆನ್ ಮಿದುಳಿನಲ್ಲಿ ಕೆಲಸ ಮಾಡದಂತೆ ತಡೆಯುತ್ತದೆ. ಮಿದುಳಿನ ಹೈಪೊಥಲಾಮಸ್ ಎಂಬಲ್ಲಿ ಮೈಯ ಬಿಸಿಯನ್ನು ಕಾಯುವ ನರಕೋಶಗಳಿವೆ. ಈಸ್ಟ್ರೊಜೆನ್ ಅವುಗಳಿಗೆ ಕಡಿವಾಣ. ಕಡಿವಾಣ ತಪ್ಪಿದಾಗ ಅವು ಅತಿ ಸೂಕ್ಷ್ಮವಾಗುತ್ತವೆ. ಬೇರೆಯವರ ಗಮನಕ್ಕೂ ಬಾರದಷ್ಟು ಸಣ್ಣ ಬಿಸಿ, ಒಂದು ಲೋಟ ಕಾಫಿ, ಮುಚ್ಚಿದ ಕಿಟಕಿ, ಹೆಡ್‌ಮಾಸ್ಟರ್ ಕೂಗಿದ ಕೂಗು, ಇಷ್ಟೇ ಸಾಕು. ಮಿದುಳು "ಬಿಸಿಯಾಯಿತು, ಹೊರಹಾಕು" ಎಂದು ಅಪ್ಪಣೆ ಕೊಡುತ್ತದೆ. ಚರ್ಮದ ರಕ್ತನಾಳಗಳು ಅರಳುತ್ತವೆ, ಬೆವರು ಸುರಿಯುತ್ತದೆ, ಎರಡು ಮೂರು ನಿಮಿಷದ ಮೇಲೆ ಅದೇ ಮೈ ನಡುಗುತ್ತದೆ. ಇದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲವೇ ಅಲ್ಲ. ಕೀಮೋ ಶುರುಮಾಡುವಾಗ ಕೂದಲು ಉದುರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮುಟ್ಟು ನಿಲ್ಲಬಹುದು, ಮೈ ಹೀಗೆಲ್ಲ ಆಗಬಹುದು ಎಂದು ಯಾರೂ ಕೂರಿಸಿ ಹೇಳಿರುವುದಿಲ್ಲ. ನನ್ನ ಹತ್ತಿರ ಬರುವ ಚಿಕ್ಕ ವಯಸ್ಸಿನ ಹೆಂಗಸರ ಬಾಯಲ್ಲಿ ಈ ದೂರು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ನನಗೆ ಸಿಟ್ಟು ಬರುತ್ತದೆ.

ಈಗ ನಿಮ್ಮ ಹಾರ್ಮೋನು ಮಾತ್ರೆಯ ಪ್ರಶ್ನೆ. ಕಾವಿಗೆ ಎಲ್ಲಕ್ಕಿಂತ ಬಲವಾದ ಮದ್ದು ಈಸ್ಟ್ರೊಜೆನ್ನೇ. ಬೇರೆ ಹೆಂಗಸರಿಗೆ ಅದನ್ನು ಕೊಡುತ್ತಾರೆ, ನಿಮಗೆ ಕೊಡುವುದಿಲ್ಲ. ನಿಮ್ಮ ಗಂಟು ಈಸ್ಟ್ರೊಜೆನ್ ಉಂಡು ಬೆಳೆಯುವ ಜಾತಿಯದು, ಟ್ಯಾಮಾಕ್ಸಿಫೆನ್ ಕೊಟ್ಟಿರುವುದೇ ಅದಕ್ಕೆ. ಸ್ವೀಡನ್ನಿನಲ್ಲಿ ಶುರುವಾದ ಹ್ಯಾಬಿಟ್ಸ್ ಎಂಬ ಪ್ರಯೋಗದಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಹೆಂಗಸರಲ್ಲಿ ಅರ್ಧ ಮಂದಿಗೆ ಹಾರ್ಮೋನು ಕೊಟ್ಟು ನೋಡಿದರು. 2003ರ ಕೊನೆಯಲ್ಲಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಸುಮಾರು ಎರಡು ವರ್ಷದಲ್ಲಿ ಹಾರ್ಮೋನು ತೆಗೆದುಕೊಂಡವರಲ್ಲಿ 26 ಮಂದಿಗೆ ಸ್ತನ ಕ್ಯಾನ್ಸರ್ ಮರಳಿತ್ತು ಇಲ್ಲವೇ ಹೊಸದಾಗಿ ಬಂದಿತ್ತು, ತೆಗೆದುಕೊಳ್ಳದವರಲ್ಲಿ 7 ಮಂದಿಗೆ. "ಇದು ಈಸ್ಟ್ರೊಜೆನ್ ಅಲ್ಲ" ಎಂದು ಯಾರಾದರೂ ಟಿಬೊಲೋನ್ ಕೊಡಲು ಬಂದರೆ ಅದಕ್ಕೂ ಬೇಡ ಎನ್ನಿ. ಅದರ ಪ್ರಯೋಗದಲ್ಲೂ ಹೀಗೆಯೇ ಆಯಿತು.

ಅತ್ತಿಗೆಯವರ ಲೇಹ್ಯವನ್ನೂ ಸದ್ಯ ಪಕ್ಕಕ್ಕಿಡಿ. ಅವರ ಪ್ರೀತಿಯನ್ನು ನಾನು ಅಲ್ಲಗಳೆಯುತ್ತಿಲ್ಲ. ಬಾಣಂತಿಯರಿಗೆ ಶತಾವರಿ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಆದರೆ ಶತಾವರಿಯಲ್ಲಿ ಈಸ್ಟ್ರೊಜೆನ್‌ನಂತೆ ವರ್ತಿಸಬಹುದಾದ ಅಂಶಗಳಿವೆ, ಮತ್ತು ನಿಮ್ಮಂಥ ಕಾಯಿಲೆಯವರಲ್ಲಿ ಅದು ಸುರಕ್ಷಿತ ಎಂದು ತೋರಿಸುವ ಗಟ್ಟಿ ಪರೀಕ್ಷೆ ನಡೆದಿಲ್ಲ. ಸೋಯಾ ಸಾರದ ಕ್ಯಾಪ್ಸೂಲ್‌ಗಳಿಗೂ ಇದೇ ಮಾತು. ಸಾರಿಗೆ ಹಾಕಿದ ಸೋಯಾ ಕಾಳಿಗೆ, ಪಲ್ಯದ ಸೋಯಾ ಉಂಡೆಗೆ ಹೆದರಬೇಕಾಗಿಲ್ಲ, ಅದು ಊಟ.

ಹಾಗಾದರೆ ಏನು ತೆಗೆದುಕೊಳ್ಳಬಹುದು? ಪ್ಯಾರಾಕ್ಸಿಟಿನ್ ಬದಲಿಗೆ ನಿಮ್ಮ ಡಾಕ್ಟರೊಂದಿಗೆ ಮಾತಾಡಬೇಕಾದ ಹೆಸರು ವೆನ್ಲಾಫಾಕ್ಸಿನ್. ಇದೂ ಮೂಲತಃ ಖಿನ್ನತೆಯ ಮಾತ್ರೆ, ಆದರೆ ಕಾವಿಗೆ ಬೇಕಾದ ಪ್ರಮಾಣ ಕಡಿಮೆ. ಟ್ಯಾಮಾಕ್ಸಿಫೆನ್‌ನ ಕಿಣ್ವವನ್ನು ಇದು ಅಷ್ಟಾಗಿ ತಡೆಯುವುದೂ ಇಲ್ಲ. ಸಾಮಾನ್ಯವಾಗಿ ಬೆಳಗ್ಗೆ ತಿಂಡಿಯ ಜೊತೆ 37.5 ಮಿಲಿಗ್ರಾಂ ಒಂದು ವಾರ, ಆಮೇಲೆ 75. 2000ದಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ 75 ಮಿಲಿಗ್ರಾಂ ತೆಗೆದುಕೊಂಡವರ ಕಾವು ನಾಲ್ಕು ವಾರದಲ್ಲಿ ಸುಮಾರು ಶೇ. 60ರಷ್ಟು ಇಳಿಯಿತು. ಪ್ರಮಾಣವನ್ನು ಇಮ್ಮಡಿ ಮಾಡಿದರೂ ಅದಕ್ಕಿಂತ ಹೆಚ್ಚು ಇಳಿಯಲಿಲ್ಲ. ಬರೀ ಹಿಟ್ಟಿನ ಮಾತ್ರೆ ನುಂಗಿದವರಲ್ಲೂ ಕಾಲುಭಾಗದಷ್ಟು ಇಳಿದಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಮೊದಲ ವಾರ ವಾಕರಿಕೆ, ಬಾಯಿ ಒಣಗುವುದು, ಊಟ ಸೇರದಿರುವುದು ಸಾಮಾನ್ಯ. ರಕ್ತದೊತ್ತಡ ನೋಡಿಸಿಕೊಳ್ಳಬೇಕು. ಇದನ್ನೂ ಒಮ್ಮೆಲೇ ನಿಲ್ಲಿಸುವಂತಿಲ್ಲ.

ಕೆಲವರಿಗೆ ಹಗಲಿನ ಕಾವು ಸಹ್ಯವಾಗಿ ರಾತ್ರಿಯದೇ ಕಾಟವಾಗಿರುತ್ತದೆ. ಅಂಥವರಿಗೆ ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ 300 ಮಿಲಿಗ್ರಾಂ ಮಲಗುವ ಹೊತ್ತಿಗೆ ಕೊಡುವುದುಂಟು. ಅದರ ಅಡ್ಡಪರಿಣಾಮವೇ ನಿದ್ದೆ, ಅಲ್ಲಿ ಅದು ಉಪಕಾರಕ್ಕೇ ಬರುತ್ತದೆ. ರಾತ್ರಿ ಎದ್ದಾಗ ತಲೆ ತಿರುಗಬಹುದಾದ್ದರಿಂದ ಗೋಡೆ ಹಿಡಿದು ನಡೆಯಬೇಕು ಅಷ್ಟೆ. ಪದೇಪದೇ ಮೂತ್ರ ಬರುವವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಮೂರನೆಯ ದಾರಿ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಆದರೆ ಬೆವರು ಚೆನ್ನಾಗಿ ತಗ್ಗುತ್ತದೆ. ಯಾವುದನ್ನೂ ಅಂಗಡಿಯಲ್ಲಿ ಕೇಳಿ ತಂದುಕೊಳ್ಳಬೇಡಿ. ಡಾಕ್ಟರ ಮುಂದೆ ಈ ಹೆಸರುಗಳನ್ನು ಎತ್ತಲು ಸಂಕೋಚವನ್ನೂ ಪಡಬೇಡಿ.

ಮದ್ದು ಕೆಲಸ ಮಾಡಿತೋ ಇಲ್ಲವೋ ಎಂದು ನೆನಪಿನಿಂದ ಹೇಳಲಾಗದು. ಇತ್ತೀಚೆಗೆ ನನ್ನ ಹತ್ತಿರ ಬಂದ, ನಿಮ್ಮಂಥದೇ ಚಿಕಿತ್ಸೆಯಲ್ಲಿರುವ ಒಬ್ಬರು ಮೂರು ವಾರದ ಮೇಲೆ "ಏನೂ ಆಗಲಿಲ್ಲ ಮೇಡಂ" ಎಂದು ಕೈಚೆಲ್ಲಿದರು. ಅದೃಷ್ಟಕ್ಕೆ ಮಗಳ ಹಳೆಯ ನೋಟುಬುಕ್ಕಿನಲ್ಲಿ ಗೀಟು ಎಳೆದು ಬರೆದಿಟ್ಟಿದ್ದರು. ಕಾವು ಬಂದ ಹೊತ್ತು, ಅದಕ್ಕೆ ಮೂರಕ್ಕೆ ಎಷ್ಟು ಅಂಕ, ಅದಕ್ಕೂ ಮೊದಲು ಏನು ಮಾಡುತ್ತಿದ್ದರು ಎಂದು. ಮಾತ್ರೆಗೂ ಮುಂಚಿನ ವಾರದಲ್ಲಿ ದಿನಕ್ಕೆ ಹನ್ನೊಂದು ಸಲ ಬರುತ್ತಿತ್ತು, ಬಹುತೇಕ ಮೂರಂಕದ್ದು. ಮೂರನೇ ವಾರದಲ್ಲಿ ಆರು, ಅದರಲ್ಲಿ ಮೂರಂಕದ್ದು ಒಂದೇ. ರಾತ್ರಿ ಏಳುವುದು ನಾಲ್ಕರಿಂದ ಎರಡಕ್ಕೆ ಬಂದಿತ್ತು. ಅವರಿಗೆ ಕಾಣುತ್ತಿದ್ದದ್ದು ಉಳಿದ ಆರು ಮಾತ್ರ. ಆ ಪುಸ್ತಕದಿಂದ ಇನ್ನೊಂದೂ ಗೊತ್ತಾಯಿತು: ಸಂಜೆ ಏಳರಿಂದ ಎಂಟರ ನಡುವೆ ಎರಡು ತಪ್ಪದೆ ಬರುತ್ತಿದ್ದವು. ಅದು ಒಲೆಯ ಮುಂದೆ ನಿಂತು ರೊಟ್ಟಿ ಬಡಿಯುವ ಹೊತ್ತು. ಗಂಡ ರೊಟ್ಟಿಯ ಕೆಲಸ ವಹಿಸಿಕೊಂಡರು. ನೀವೂ ಮಾತ್ರೆ ಬದಲಾಯಿಸುವ ಮುಂಚೆ ಒಂದು ವಾರ, ಬದಲಾಯಿಸಿದ ಮೇಲೆ ಮೂರು ವಾರ ಬರೆಯಿರಿ. ಅರ್ಧಕ್ಕೆ ಇಳಿದರೆ ಮಾತ್ರೆ ನಿಮಗೆ ಒಗ್ಗಿದೆ ಎಂದರ್ಥ. ನಾಲ್ಕು ವಾರಕ್ಕೂ ಅಲ್ಲಾಡದಿದ್ದರೆ ಬೇರೆಯದಕ್ಕೆ ಹೋಗಬೇಕು, ಅದನ್ನೇ ಹೆಚ್ಚಿಸುತ್ತ ಹೋಗುವುದಲ್ಲ.

ಲಂಡನ್ನಿನಲ್ಲಿ ನಿಮ್ಮಂಥ ಹೆಂಗಸರಿಗೆಂದೇ ಒಂದು ತರಬೇತಿಯನ್ನು ಪರೀಕ್ಷಿಸಿದ್ದಾರೆ, 2012ರಲ್ಲಿ ಅದರ ಫಲಿತಾಂಶ ಬಂತು. ವಾರಕ್ಕೊಮ್ಮೆ ಸಣ್ಣ ಗುಂಪಾಗಿ ಕೂತು, ಆರು ವಾರ. ಕಾವು ಏರುವ ಕ್ಷಣದಲ್ಲಿ ಭುಜ ಸಡಿಲಬಿಟ್ಟು ಹೊಟ್ಟೆಯಿಂದ ನಿಧಾನವಾಗಿ ಉಸಿರಾಡುವುದು, "ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ" ಎಂಬ ಯೋಚನೆಯನ್ನು ಹಿಡಿದು ವಿಚಾರಿಸುವುದು, ರಾತ್ರಿ ಎದ್ದಾಗ ಗಡಿಯಾರ ನೋಡದೆ ಮತ್ತೆ ಮಲಗುವುದು, ಇಂಥವನ್ನು ಕಲಿಸಿದರು. ಕಾವಿನ ಎಣಿಕೆ ಹೆಚ್ಚು ಕಡಿಮೆಯಾಗಲಿಲ್ಲ, ಆದರೆ ಅದರಿಂದಾಗುವ ತೊಂದರೆ ಸ್ಪಷ್ಟವಾಗಿ ಇಳಿಯಿತು, ನಿದ್ದೆ ಸುಧಾರಿಸಿತು. ತರಗತಿಯಲ್ಲಿ ಕಾವು ಎದ್ದಾಗ ಕಪ್ಪುಹಲಗೆಯ ಕಡೆ ತಿರುಗಿ ಅವಸರದಲ್ಲಿ ಬರೆಯುತ್ತ ನಿಲ್ಲಬೇಡಿ. ಮಕ್ಕಳಿಗೆ ಎರಡು ನಿಮಿಷದ ಓದು ಕೊಟ್ಟು, ಕಿಟಕಿಯ ಹತ್ತಿರ ನಿಂತು, ಮೂಗಿನಿಂದ ಎಳೆದು ಬಾಯಿಂದ ಇನ್ನೂ ನಿಧಾನ ಬಿಡಿ. ಕಾವು ಇಳಿಯಲು ಅಷ್ಟೇ ಹೊತ್ತು ಸಾಕು.

ಒಂದು ಎಚ್ಚರ. ರಾತ್ರಿ ಬೆವರಿದ್ದೆಲ್ಲ ಮುಟ್ಟು ನಿಂತದ್ದರಿಂದಲ್ಲ. ಥರ್ಮಾಮೀಟರಿನಲ್ಲಿ ಜ್ವರ ಕಂಡರೆ, ತೂಕ ಇಳಿಯುತ್ತಿದ್ದರೆ, ಕೆಮ್ಮು ಹಿಡಿದಿದ್ದರೆ ಬೇರೆ ಕಾರಣ ಹುಡುಕಬೇಕು. ಥೈರಾಯಿಡ್ ಪರೀಕ್ಷೆ ಒಮ್ಮೆ ಮಾಡಿಸಿ. ಇನ್ನು ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ ಅಥವಾ ಹಠಾತ್ತನೆ ಉಸಿರು ಕಟ್ಟಿದರೆ ಅದು ಟ್ಯಾಮಾಕ್ಸಿಫೆನ್‌ನಿಂದ ರಕ್ತ ಹೆಪ್ಪುಗಟ್ಟಿದ್ದಿರಬಹುದು, ಆಗ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಈಗ ಹಾಲ್‌ನಲ್ಲಿ ಮಲಗುವ ಯಜಮಾನರ ವಿಷಯ. ಈಸ್ಟ್ರೊಜೆನ್ ಇಲ್ಲದಾಗ ಯೋನಿಯ ಒಳಚರ್ಮ ತೆಳುವಾಗಿ ಒಣಗುತ್ತದೆ, ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಒಮ್ಮೆ ನೋವಾದ ಮೇಲೆ ಮುಂದಿನ ಸಲ ಅಲ್ಲಿಯ ಸ್ನಾಯು ಹೆದರಿ ತಾನಾಗಿ ಬಿಗಿಯುತ್ತದೆ, ಬಿಗಿದದ್ದರಿಂದ ಮತ್ತಷ್ಟು ನೋವು. ಕಾವು ಕಾಲಕ್ರಮೇಣ ತಾನಾಗಿ ತಗ್ಗಬಹುದು, ಇದು ಹಾಗಲ್ಲ. ಬಿಟ್ಟರೆ ಹೆಚ್ಚುತ್ತದೆ. ಅದಕ್ಕೇ ನಾಚಿಕೆಯಿಂದ ಮುಂದೂಡಬೇಡಿ ಎನ್ನುತ್ತೇನೆ.

ಮೊದಲು ಹಾರ್ಮೋನಿಲ್ಲದ ತೇವಕಾರಕ ಜೆಲ್. ಹೈಯಲುರಾನಿಕ್ ಆ್ಯಸಿಡ್ ಇರುವಂಥದು ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಇದನ್ನು ಸಂಭೋಗದ ಹೊತ್ತಿಗೆ ಮಾತ್ರವಲ್ಲ, ಮುಖಕ್ಕೆ ಕ್ರೀಮು ಹಚ್ಚಿದ ಹಾಗೆ ಎರಡು ಮೂರು ದಿನಕ್ಕೊಮ್ಮೆ ರಾತ್ರಿ ಹಚ್ಚಬೇಕು. ಎಂಟರಿಂದ ಹನ್ನೆರಡು ವಾರ ಬಿಡದೆ ಹಚ್ಚಿದ ಮೇಲೆಯೇ ಅದರ ಫಲ ಅಳೆಯಬೇಕು. ಹೆಚ್ಚಿನವರು ಎರಡು ವಾರಕ್ಕೇ ಬಿಟ್ಟುಬಿಡುತ್ತಾರೆ. ಸಂಭೋಗದ ವೇಳೆಗೆ ನೀರಿನ ಅಂಶದ ಜಾರು ಜೆಲ್ ಬೇರೆ. ಕೊಬ್ಬರಿ ಎಣ್ಣೆಯೂ ಆಗುತ್ತದೆ, ಆದರೆ ಕಾಂಡೋಮ್ ಬಳಸುವವರು ಎಣ್ಣೆ ಹಚ್ಚಬಾರದು, ರಬ್ಬರು ಹರಿಯುತ್ತದೆ. ಆದರೂ ಬಾಗಿಲಲ್ಲೇ ಉರಿ ಎಂದರೆ ಶೇ. 4ರ ಲಿಗ್ನೊಕೇನ್ ದ್ರಾವಣದಲ್ಲಿ ಹತ್ತಿ ನೆನೆಸಿ, ಮೂರು ನಿಮಿಷ ಹೊರಬಾಯಿಗೆ ಒತ್ತಿಹಿಡಿದು ತೆಗೆಯುವುದರಿಂದ ಗುಣ ಕಂಡವರಿದ್ದಾರೆ. ಸ್ತನ ಕ್ಯಾನ್ಸರ್ ಆದ ಹೆಂಗಸರಲ್ಲೇ ಇದನ್ನು ಪರೀಕ್ಷಿಸಲಾಗಿದೆ. ಸ್ತ್ರೀರೋಗ ತಜ್ಞೆ ಒಮ್ಮೆ ಜಾಗ ತೋರಿಸಿಕೊಟ್ಟರೆ ನೀವೇ ಮಾಡಿಕೊಳ್ಳಬಹುದು. ಇಷ್ಟಾದರೂ ಸರಿಹೋಗದಿದ್ದರೆ, ಟ್ಯಾಮಾಕ್ಸಿಫೆನ್ ಮೇಲಿರುವವರಿಗೆ ಯೋನಿಯೊಳಗೆ ಮಾತ್ರ ಇಡುವ ಅತಿ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಬಗ್ಗೆ ಕ್ಯಾನ್ಸರ್ ಡಾಕ್ಟರು ಮತ್ತು ಸ್ತ್ರೀರೋಗ ತಜ್ಞೆ ಕೂಡಿ ಯೋಚಿಸುವುದುಂಟು. ಲೆಟ್ರೊಜೋಲ್ ಬಗೆಯ ಮಾತ್ರೆಯಲ್ಲಿರುವವರಿಗೆ ಅದನ್ನು ಕೊಡಲು ಹಿಂಜರಿಯುತ್ತಾರೆ. ಡೆನ್ಮಾರ್ಕಿನ ದೊಡ್ಡ ದಾಖಲೆಯೊಂದರಲ್ಲಿ ಎರಡನ್ನೂ ಒಟ್ಟಿಗೆ ಬಳಸಿದವರಲ್ಲಿ ಕಾಯಿಲೆ ಮರಳುವುದು ಹೆಚ್ಚಿತ್ತು.

ನಿಮ್ಮವರಿಗೆ "ನನ್ನ ಮನಸ್ಸು ಬದಲಾಗಿಲ್ಲ, ಔಷಧಿಯಿಂದ ಒಳಗಿನ ಚರ್ಮ ಒಣಗಿದೆ, ಮೂರು ತಿಂಗಳು ಹೀಗೆ ಮದ್ದು ಹಚ್ಚಬೇಕಂತೆ, ಅಲ್ಲಿಯವರೆಗೆ ಪಕ್ಕದಲ್ಲಿ ಮಲಗಿದರೆ ಸಾಕು" ಎಂದು ಹೇಳಿ. ಅವರು ಹಾಲ್‌ಗೆ ಹೋದದ್ದು ನಿಮ್ಮ ಮೇಲಿನ ಬೇಸರದಿಂದ ಎಂದು ನೀವು ತಿಳಿದಿರಬಹುದು. ನಾನು ಮಾತಾಡಿಸಿದ ಗಂಡಸರಲ್ಲಿ ಎಷ್ಟೋ ಮಂದಿ ನೋಯಿಸುವ ಹೆದರಿಕೆಗೆ ದೂರ ಸರಿದವರು. ಹೇಳಲು ಬಾಯಿ ಬಾರದಿದ್ದರೆ ಈ ಪುಟ ಹರಿದು ಅವರ ಕೈಗೆ ಕೊಡಿ.

ಮುಟ್ಟು ಮತ್ತೆ ಬರುವುದೇ ಎಂದು ಕೇಳಿದ್ದೀರಿ. ಬರಬಹುದು. 40 ದಾಟಿದವರಲ್ಲಿ ಕೀಮೋ ನಂತರ ನಿಂತದ್ದು ಹೆಚ್ಚಾಗಿ ನಿಂತೇ ಹೋಗುತ್ತದೆ, ಅದಕ್ಕಿಂತ ಚಿಕ್ಕವರಲ್ಲಿ ಕೆಲವು ತಿಂಗಳಿಗೆ, ಒಮ್ಮೊಮ್ಮೆ ಎರಡು ವರ್ಷದ ಮೇಲೂ ಮರಳುತ್ತದೆ. ನೀವು ಗೆರೆಯ ಮೇಲೇ ನಿಂತಿದ್ದೀರಿ. ಅತ್ತೆಯವರ ಮಾತು ಇಲ್ಲಿ ತಪ್ಪುತ್ತದೆ: ಮುಟ್ಟು ನಿಂತಿದೆ ಎಂದರೆ ಅಂಡಾಶಯ ಸತ್ತಿದೆ ಎಂದಲ್ಲ. ಮುಟ್ಟು ಕಾಣುವ ಮೊದಲೇ ಮೊಟ್ಟೆ ಬಿಡುಗಡೆಯಾಗಿ ಗರ್ಭ ನಿಲ್ಲಬಹುದು, ಟ್ಯಾಮಾಕ್ಸಿಫೆನ್ ಆ ಮಗುವಿಗೆ ಹಾನಿ ಮಾಡುತ್ತದೆ. ಆದ್ದರಿಂದ ಕಾಪರ್-ಟಿ ಅಥವಾ ಕಾಂಡೋಮ್ ಬೇಕು. ಹಾರ್ಮೋನು ಇರುವ ಗರ್ಭನಿರೋಧಕ ಗುಳಿಗೆ ಬೇಡ. ಮುಟ್ಟಿನಂತೆ ರಕ್ತ ಕಂಡರೆ ಗಾಬರಿಯಾಗಬೇಕಿಲ್ಲ, ಆದರೆ ಡಾಕ್ಟರಿಗೆ ತಿಳಿಸಿ. ಟ್ಯಾಮಾಕ್ಸಿಫೆನ್ ಗರ್ಭಕೋಶದ ಒಳಪದರವನ್ನು ದಪ್ಪಮಾಡಬಲ್ಲದಾದ್ದರಿಂದ ಅಡ್ಡಾದಿಡ್ಡಿ ಅಥವಾ ಅತಿಯಾದ ಸ್ರಾವಕ್ಕೆ ಸ್ಕ್ಯಾನ್ ಮಾಡಿಸುತ್ತಾರೆ.

ಅಂಡಾಶಯ ಮತ್ತೆ ಎಚ್ಚರಗೊಳ್ಳಬಹುದು ಎಂಬ ಕಾರಣಕ್ಕೇ ಇನ್ನೊಂದು ವಿಷಯ ನಿಮ್ಮ ಕಿವಿಗೆ ಬಿದ್ದಿರಲಿ. "ಮುಟ್ಟು ನಿಂತಿದೆಯಲ್ಲ, ಲೆಟ್ರೊಜೋಲ್‌ಗೆ ಬದಲಾಯಿಸೋಣ" ಎಂದು ಯಾರಾದರೂ ಹೇಳಿದರೆ, ಅಂಡಾಶಯವನ್ನು ಮಲಗಿಸುವ ಇಂಜೆಕ್ಷನ್ ಕೊಡುತ್ತೀರಾ ಎಂದು ಕೇಳಿ. ಗೋಸೆರೆಲಿನ್ 3.6 ಮಿಲಿಗ್ರಾಂ, 28 ದಿನಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಹಾಕುವುದು ಅಂಥದೊಂದು. ನಿಮ್ಮ ವಯಸ್ಸಿನಲ್ಲಿ ಅದಿಲ್ಲದೆ ಲೆಟ್ರೊಜೋಲ್ ಕೊಟ್ಟರೆ ಅರೆನಿದ್ದೆಯ ಅಂಡಾಶಯವನ್ನು ತಟ್ಟಿ ಎಬ್ಬಿಸಿದ ಹಾಗಾಗುತ್ತದೆ. ಈಸ್ಟ್ರೊಜೆನ್ ಇಳಿಯುವ ಬದಲು ಏರಬಹುದು, ಬಸಿರೂ ಆಗಬಹುದು. ಆ ಇಂಜೆಕ್ಷನ್ ಶುರುವಾದರೆ ಕಾವು, ಕೀಲುನೋವು ಇನ್ನಷ್ಟು ಬರುತ್ತವೆ, ಮೂಳೆಯೂ ಬೇಗ ಸವೆಯುತ್ತದೆ. ಆಗ ಡೆಕ್ಸಾ ಸ್ಕ್ಯಾನ್ ತಪ್ಪಿಸಬಾರದು. ಸದ್ಯಕ್ಕೆ ದಿನವೂ ವೇಗದ ನಡಿಗೆ, ರಾಗಿಮುದ್ದೆ, ಹಾಲು ಮೊಸರು, ವಿಟಮಿನ್ ಡಿ ಪರೀಕ್ಷೆ, ಇಷ್ಟು ಸಾಕು.

ಮುಂದಿನ ಭೇಟಿಗೆ ಹೋಗುವಾಗ ಪ್ಯಾರಾಕ್ಸಿಟಿನ್ ಸ್ಟ್ರಿಪ್ಪು, ಲೇಹ್ಯದ ಡಬ್ಬಿ, ನಿಮ್ಮ ನೋಟುಬುಕ್ಕು, ಮೂರನ್ನೂ ಚೀಲದಲ್ಲಿ ಹಾಕಿಕೊಳ್ಳಿ. ದಿನ ಬಿಟ್ಟು ದಿನ ಮಾತ್ರೆ ತೆಗೆದುಕೊಂಡದ್ದನ್ನೂ ಹೇಳಿ. ಅವರು ಗದರಿದರೆ ಗದರಲಿ. "ಸರ್, ರಾತ್ರಿ ನಾಲ್ಕು ಸಲ ಏಳುತ್ತಿದ್ದೆ, ಇಲ್ಲಿ ಬರೆದಿದೆ ನೋಡಿ" ಎಂದು ಪುಸ್ತಕ ಅವರ ಮೇಜಿನ ಮೇಲೆ ತೆರೆದಿಡಿ.